ಎರಡು ಹೆಸರಿನ ಫ್ಲ್ಯಾಟ್: ಒಬ್ಬರು ಹೋದ ಮೇಲೆ ಅದು ಯಾರದ್ದು?

(ಬನಶಂಕರಿಯ ಒಂದು ಅಪಾರ್ಟ್‌ಮೆಂಟಿನ ನಿವಾಸಿಗಳ ಮುಂದೆ ಮಾಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಿಮ್ಮಲ್ಲಿ ಬಹಳ ಜನ ಗಂಡ ಹೆಂಡತಿ ಇಬ್ಬರ ಹೆಸರಲ್ಲಿ ಫ್ಲ್ಯಾಟ್ ತಗೊಂಡಿದ್ದೀರಿ. ಯಾಕೆ ಇಬ್ಬರ ಹೆಸರು ಅಂತ ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ. ‘ನಾಳೆ ನನಗೇನಾದರೂ ಆದರೆ ಅವಳಿಗೆ ತೊಂದರೆ ಆಗಬಾರದು, ಮನೆ ಸೀದಾ ಅವಳಿಗೇ ಹೋಗಲಿ ಅಂತ.’ ಈ ಕಾಳಜಿ ಸರಿಯಾದದ್ದೇ. ಆದರೆ ಬರೀ ಎರಡು ಹೆಸರು ಹಾಕಿಸುವುದರಿಂದ ಆ ಕೆಲಸ ಆಗುವುದಿಲ್ಲ. ಇವತ್ತು ನಾನು ಹೇಳಬೇಕಾಗಿರುವುದು ಇದೊಂದೇ ವಿಷಯ.

ಈ ತಪ್ಪು ತಿಳಿವಳಿಕೆ ಬಂದದ್ದು ಬ್ಯಾಂಕಿನಿಂದ ಅಂತ ನನಗನ್ನಿಸುತ್ತದೆ. ಜಂಟಿ ಖಾತೆಯಲ್ಲಿ ‘ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು’ ಅಂತ ಬರೆದಿರುತ್ತದೆ. ಒಬ್ಬರು ಹೋದರೆ ಇನ್ನೊಬ್ಬರು ಸಹಿ ಹಾಕಿ ದುಡ್ಡು ತೆಗೀತಾರೆ. ಅಲ್ಲೂ ಕೂಡ ಆ ಸಾಲು ಬ್ಯಾಂಕು ಯಾರ ಕೈಗೆ ದುಡ್ಡು ಕೊಡಬೇಕು ಎಂಬುದನ್ನಷ್ಟೇ ಹೇಳುತ್ತದೆ. ದುಡ್ಡಿನ ಮಾಲೀಕರು ಯಾರು ಎಂಬ ಪ್ರಶ್ನೆ ಬೇರೆ. ಫ್ಲ್ಯಾಟಿಗಂತೂ ಅಂಥ ಸಾಲು ತಾನಾಗಿ ಬಂದು ಸೇರಿಕೊಳ್ಳುವುದಿಲ್ಲ. ಕ್ರಯಪತ್ರದಲ್ಲಿ ಬರೆಸಿದ್ದರೆ ಮಾತ್ರ ಇರುತ್ತದೆ.

ನಿಮ್ಮ ಕ್ರಯಪತ್ರ ತೆಗೆದು ನೋಡಿ. ಮೊದಲ ಎರಡು ಪುಟದಲ್ಲೇ ನಿಮ್ಮ ಹೆಸರುಗಳು ಇರುತ್ತವೆ. ಕೆಳಗೆ ‘ಇವರನ್ನು ಇನ್ನು ಮುಂದೆ ಜಂಟಿಯಾಗಿ ಖರೀದಿದಾರರು ಎಂದು ಕರೆಯಲಾಗುವುದು’ ಅಂತ ಇರುತ್ತದೆ. ಆ ‘ಜಂಟಿಯಾಗಿ’ ನೋಡಿ ನೆಮ್ಮದಿ ಪಡಬೇಡಿ. ಇಬ್ಬರನ್ನೂ ಒಂದೇ ಹೆಸರಲ್ಲಿ ಕರೆಯುವ ಅನುಕೂಲಕ್ಕೆ ಹಾಕಿರುವ ಮಾತದು. ಉಳಿದವರಿಗೇ ಎಲ್ಲ ಸೇರಬೇಕು ಎಂದಿದ್ದರೆ ಪತ್ರದ ಒಳಗೆ ಹೀಗೊಂದು ಸಾಲು ಬೇಕು: ‘ಖರೀದಿದಾರರು ಈ ಸ್ವತ್ತನ್ನು ಪಾಲುಗಳಿಲ್ಲದೆ ಜಂಟಿ ಹಕ್ಕುದಾರರಾಗಿ ಹೊಂದತಕ್ಕದ್ದು, ಅವರಲ್ಲಿ ಒಬ್ಬರು ಮರಣ ಹೊಂದಿದಲ್ಲಿ ಸ್ವತ್ತು ಪೂರ್ತಿಯಾಗಿ ಬದುಕುಳಿದವರಿಗೆ ಸೇರತಕ್ಕದ್ದು.’ ಬೆಂಗಳೂರಿನ ಅಪಾರ್ಟ್‌ಮೆಂಟ್ ಪತ್ರಗಳು ಬಹುಪಾಲು ಇಂಗ್ಲಿಷಿನಲ್ಲೇ ಇರುತ್ತವೆ, ಬಿಲ್ಡರ್ ಕಡೆಯ ವಕೀಲರು ಒಂದೇ ಮಾದರಿಯಲ್ಲಿ ಎಲ್ಲರಿಗೂ ಬರೆದಿರುತ್ತಾರೆ. ನಾನು ನೋಡಿದ ಪತ್ರಗಳಲ್ಲಿ ಈ ಸಾಲು ಸಿಗುವುದು ಅಪರೂಪ.

ಸಾಲು ಇಲ್ಲದಿದ್ದರೆ ಏನು ಅರ್ಥ? ಇಬ್ಬರಿಗೂ ಬೇರೆ ಬೇರೆ ಪಾಲು ಇದೆ ಅಂತ. ಗೋಡೆ ಹಾಕಿ ಹಂಚಿಲ್ಲ, ಆದರೆ ಲೆಕ್ಕದಲ್ಲಿ ಪಾಲು ಬೇರೆ. ಹಿಂದೂಗಳ ಮಟ್ಟಿಗೆ ಇದು ಹಳೇ ತೀರ್ಮಾನ. 1896ರಲ್ಲೇ, ಬ್ರಿಟಿಷರ ಕಾಲದಲ್ಲಿ ನಮಗೆ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್ ಇದನ್ನು ಹೇಳಿತ್ತು. ಒಟ್ಟು ಕುಟುಂಬದ ಆಸ್ತಿ ಬಿಟ್ಟರೆ, ಇಬ್ಬರಿಗೆ ಸೇರಿಸಿ ಕೊಟ್ಟ ಆಸ್ತಿಯನ್ನು ‘ಉಳಿದವರಿಗೇ ಎಲ್ಲ’ ಅಂತ ಸುಮ್ನೆ ಊಹಿಸಿಕೊಳ್ಳುವಂತಿಲ್ಲ ಎಂದು. ಯಾರ ಪಾಲು ಎಷ್ಟು ಎಂಬುದಕ್ಕೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 45ನೇ ಕಲಂ ಇದೆ. ಇಬ್ಬರೂ ಬೇರೆ ಬೇರೆ ದುಡ್ಡು ಹಾಕಿದ್ದರೆ, ಹಾಕಿದ ದುಡ್ಡಿನ ಪ್ರಮಾಣದಲ್ಲಿ ಪಾಲು. ಯಾರು ಎಷ್ಟು ಹಾಕಿದರು ಎಂಬುದಕ್ಕೆ ದಾಖಲೆ ಇಲ್ಲದಿದ್ದರೆ ಸಮಪಾಲು ಅಂತ ಭಾವಿಸಬೇಕು. ಇಎಂಐ ಎಲ್ಲ ಗಂಡನ ಸಂಬಳದಿಂದಲೇ ಹೋಗಿದ್ದರೆ, ನಾಳೆ ಅವರ ಕಡೆಯವರು ‘ಅವಳದ್ದು ಅರ್ಧ ಹೇಗಾಗುತ್ತೆ?’ ಅಂತ ಕೇಳುವ ಜಾಗ ಇದೇ. ಅದಕ್ಕೇ ಹೊಸದಾಗಿ ಕೊಳ್ಳುವವರಿಗೆ ನಾನು ಹೇಳುವುದು, ಪಾಲು ಎಷ್ಟೆಷ್ಟು ಎಂದು ಪತ್ರದಲ್ಲೇ ಬರೆಸಿಬಿಡಿ.

ಈಗ ಒಂದು ಮನೆಯ ಲೆಕ್ಕ ಪೂರ್ತಿ ಮಾಡೋಣ. ಹೆಸರುಗಳು ಉದಾಹರಣೆಗೆ. ರಮೇಶ್, ಸವಿತಾ ದಂಪತಿ. ಇಬ್ಬರೂ ದುಡಿದು, ಇಬ್ಬರ ಹೆಸರಲ್ಲಿ ಸಮಪಾಲಿನ ಫ್ಲ್ಯಾಟ್ ಕೊಂಡಿದ್ದಾರೆ. ಇವತ್ತಿನ ಬೆಲೆ 96 ಲಕ್ಷ ಅಂತಿಟ್ಟುಕೊಳ್ಳಿ, ಸಾಲ ತೀರಿದೆ. ಒಬ್ಬ ಮಗ, ಒಬ್ಬಳು ಮಗಳು. ರಮೇಶ್ ಅವರ ತಾಯಿ ಸರೋಜಮ್ಮ ಇದ್ದಾರೆ, ತಂದೆ ಇಲ್ಲ. ತಮ್ಮ ಸುರೇಶ್ ಮೈಸೂರಿನಲ್ಲಿ, ತಂಗಿ ಗೀತಾ ಹಾಸನದಲ್ಲಿ. ರಮೇಶ್ ಉಯಿಲು ಬರೆಯದೆ ತೀರಿಕೊಂಡರು.

ಸವಿತಾ ಅವರ ಅರ್ಧ, ಅಂದರೆ 48 ಲಕ್ಷದ ಪಾಲು, ಹಾಗೇ ಇದೆ. ಅದಕ್ಕೆ ಯಾರೂ ಕೈ ಹಾಕುವಂತಿಲ್ಲ. ಹಂಚಿಕೆ ಆಗುವುದು ರಮೇಶ್ ಅವರ ಅರ್ಧ ಮಾತ್ರ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಇಲ್ಲಿ ಅನ್ವಯ. ಲಿಂಗಾಯತರು, ಜೈನರು, ಬೌದ್ಧರು, ಸಿಖ್ಖರು ಕೂಡ ಇದರೊಳಗೇ ಬರುತ್ತಾರೆ. ಗಂಡಸು ಉಯಿಲಿಲ್ಲದೆ ಸತ್ತರೆ ಮೊದಲ ವರ್ಗದ ವಾರಸುದಾರರು ಹೆಂಡತಿ, ಮಕ್ಕಳು ಮತ್ತು ತಾಯಿ. ಎಲ್ಲರಿಗೂ ಒಂದೊಂದು ಸಮಪಾಲು. ಇಲ್ಲಿ ನಾಲ್ಕು ಜನ, ಹಾಗಾಗಿ ತಲಾ 12 ಲಕ್ಷದ ಪಾಲು. ಸವಿತಾ ಅವರದ್ದು ಈಗ 60, ಮಗ 12, ಮಗಳು 12, ಸರೋಜಮ್ಮ 12.

ತಾಯಿಯ ಪಾಲನ್ನು ಜನ ಮರೆಯುವಷ್ಟು ಬೇರೆ ಯಾವುದನ್ನೂ ಮರೆಯುವುದಿಲ್ಲ. ಸೊಸೆಗೆ ಗೊತ್ತಿರುವುದಿಲ್ಲ, ಎಷ್ಟೋ ಸಲ ಸ್ವತಃ ಅತ್ತೆಗೂ ಗೊತ್ತಿರುವುದಿಲ್ಲ. ದುಃಖದ ಮನೆ, ಯಾರೂ ಪಾಲಿನ ಮಾತು ಎತ್ತುವುದಿಲ್ಲ, ಎತ್ತುವುದು ಚೆನ್ನಾಗೂ ಕಾಣುವುದಿಲ್ಲ. ಖಾತಾ ಸವಿತಾ ಹೆಸರಿಗೆ ಮಾಡಿಸಿಕೊಂಡರೆ ಮುಗೀತು ಅಂದುಕೊಳ್ಳುತ್ತಾರೆ. ಮೂರ್ನಾಲ್ಕು ವರ್ಷ ಹಾಗೇ ಕಳೆಯುತ್ತದೆ. ಆಮೇಲೆ ಸರೋಜಮ್ಮ ತೀರಿಕೊಳ್ಳುತ್ತಾರೆ.

ಆಗ ಅವರ 12 ಲಕ್ಷದ ಪಾಲು ಎಲ್ಲಿ ಹೋಗುತ್ತದೆ? ಸೊಸೆಗೆ ಬರುವುದಿಲ್ಲ. ಹಿಂದೂ ಹೆಂಗಸು ಉಯಿಲಿಲ್ಲದೆ ಸತ್ತರೆ ಗಂಡ ಮತ್ತು ಮಕ್ಕಳು ಮೊದಲ ವಾರಸುದಾರರು. ಮೊದಲೇ ತೀರಿಕೊಂಡ ಮಗ ಅಥವಾ ಮಗಳ ಪಾಲನ್ನು ಅವರ ಮಕ್ಕಳು ತೆಗೆದುಕೊಳ್ಳುತ್ತಾರೆ. ಸರೋಜಮ್ಮನವರಿಗೆ ಮೂರು ಮಕ್ಕಳು, ಹಾಗಾಗಿ ಮೂರು ಪಾಲು. ಸುರೇಶ್‌ಗೆ 4 ಲಕ್ಷ, ಗೀತಾಗೆ 4 ಲಕ್ಷ, ರಮೇಶ್ ಅವರ 4 ಲಕ್ಷ ಅವರ ಇಬ್ಬರು ಮಕ್ಕಳಿಗೆ ಎರಡೆರಡು. ಈಗ ಲೆಕ್ಕ ಹೀಗಾಯಿತು: ಸವಿತಾ 60, ಮಗ 14, ಮಗಳು 14, ಸುರೇಶ್ 4, ಗೀತಾ 4. ಕೂಡಿದರೆ 96.

ಫ್ಲ್ಯಾಟ್ ಕೊಳ್ಳುವಾಗ ಸುರೇಶ್, ಗೀತಾ ಹೆಸರು ಎಲ್ಲೂ ಇರಲಿಲ್ಲ. ಈಗ ಅವರ ಸಹಿ ಇಲ್ಲದೆ ಇಡೀ ಫ್ಲ್ಯಾಟ್ ಮಾರಲು ಆಗುವುದಿಲ್ಲ. ಕೊಳ್ಳುವವರಿಗೆ ಸಾಲ ಕೊಡುವ ಬ್ಯಾಂಕಿನ ವಕೀಲರು ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷವನ್ನು ಪಕ್ಕಪಕ್ಕ ಇಟ್ಟುಕೊಂಡು ನೋಡುತ್ತಾರೆ. ರಮೇಶ್ ಸತ್ತ ತಾರೀಕಿನಲ್ಲಿ ತಾಯಿ ಬದುಕಿದ್ದರು ಎಂದು ಗೊತ್ತಾದ ಕೂಡಲೇ ಮೊದಲ ಪ್ರಶ್ನೆ ಅದೇ ಬರುತ್ತದೆ. ಅವರು ಕೇಳುವುದು ತಪ್ಪಲ್ಲ. ಅಷ್ಟು ಹೊತ್ತಿಗೆ ಮುಂಗಡ ತೆಗೆದುಕೊಂಡಿರುತ್ತಾರೆ, ಮಗಳ ಮದುವೆಯೋ ಓದೋ ಎದುರಿಗೆ ಇರುತ್ತದೆ. ಅಣ್ಣನ ಮನೆ ಜೊತೆ ಮಾತು ಬಿಟ್ಟು ಎಷ್ಟೋ ಕಾಲವಾಗಿರುವ ಮೈದುನನ ಹತ್ತಿರ ಹೋಗಿ ಸಹಿ ಕೇಳಬೇಕು. ಆಸ್ತಿಗಿಂತ ಜಾಸ್ತಿ ನೋವು ಕೊಡುವುದು ಆ ಭೇಟಿ.

ದಯವಿಟ್ಟು ಇದನ್ನು ಅತ್ತೆಯ ಮೇಲಿನ ದೂರು ಅಂತ ತಿಳಿಯಬೇಡಿ. ಮಗನನ್ನು ಕಳೆದುಕೊಂಡ ತಾಯಿಗೆ ಕಾನೂನು ಪಾಲು ಕೊಟ್ಟಿರುವುದು ಸರಿಯಾಗಿಯೇ ಇದೆ. ಆಕೆ ಅದನ್ನು ಇಟ್ಟುಕೊಳ್ಳಬಹುದು, ಯಾರಿಗಾದರೂ ಉಯಿಲು ಬರೆಯಬಹುದು, ಬಿಟ್ಟುಕೊಡಬಹುದು. ಬಿಟ್ಟುಕೊಡುವ ಮನಸ್ಸಿದ್ದರೆ ಅದು ಆಕೆ ಇರುವಾಗಲೇ, ಆಕೆಗೆ ಅರ್ಥವಾಗುವ ಭಾಷೆಯಲ್ಲಿ ಓದಿ ಹೇಳಿ, ನೋಂದಣಿ ಆಗಬೇಕು. ‘ನನಗೇನೂ ಬೇಡಮ್ಮ’ ಅಂತ ನೆಂಟರ ಎದುರು ಬಾಯಲ್ಲಿ ಹೇಳಿದ್ದು, ಬಿಳಿ ಹಾಳೆಯಲ್ಲಿ ಸಹಿ ಹಾಕಿ ಕೊಟ್ಟದ್ದು ಯಾವುದೂ ಸಾಲುವುದಿಲ್ಲ. ಬೇಕಾದದ್ದು ನೋಂದಾಯಿತ ಹಕ್ಕು ಬಿಡುಗಡೆ ಪತ್ರ, ಎಲ್ಲರೂ ರಿಲೀಸ್ ಡೀಡ್ ಅನ್ನುವುದು. ಯಾರ ಹೆಸರಿಗೆ ಬಿಡುತ್ತಿದ್ದಾರೆ, ಎಷ್ಟು ಪಾಲು, ಫ್ಲ್ಯಾಟಿನ ಜೊತೆ ಜಮೀನಿನ ಅವಿಭಾಜ್ಯ ಪಾಲೂ ಸೇರಿದೆಯೇ ಎಂಬುದು ಅದರಲ್ಲಿ ಸ್ಪಷ್ಟವಾಗಿ ಇರಬೇಕು. ಕುಟುಂಬದ ಒಳಗಿನ ಬಿಡುಗಡೆಗೆ ಕರ್ನಾಟಕದಲ್ಲಿ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕ ಹಾಕುವುದಿಲ್ಲ, ನಿಗದಿಯಾದ ಮುದ್ರಾಂಕ ಶುಲ್ಕ ಇದೆ. ಹಾಗಾಗಿ ಖರ್ಚಿಗೆ ಹೆದರಿ ಮುಂದೂಡುವ ಕಾರಣವಿಲ್ಲ.

ಮಕ್ಕಳಿಗೆ 18 ತುಂಬಿಲ್ಲದಿದ್ದರೆ ಇನ್ನೊಂದು ತೊಡಕು. ಅವರು ಬಿಡುಗಡೆ ಪತ್ರಕ್ಕೆ ಸಹಿ ಹಾಕುವಂತಿಲ್ಲ. ಅವರ ಪರವಾಗಿ ಅಮ್ಮ ಸಹಿ ಹಾಕಿ ಮಾರುತ್ತೇನೆ ಅಂದರೂ ಮೊದಲು ನ್ಯಾಯಾಲಯದ ಅನುಮತಿ ಬೇಕು. ಅನುಮತಿ ಇಲ್ಲದೆ ಮಾರಿದರೆ ಮಗು ದೊಡ್ಡದಾದ ಮೇಲೆ ಆ ಮಾರಾಟವನ್ನು ರದ್ದು ಮಾಡಿಸಲು ಕೇಳಬಹುದು. ತಿಳಿದ ಯಾವ ಖರೀದಿದಾರನೂ ಅಂಥ ಫ್ಲ್ಯಾಟಿಗೆ ಕೈ ಹಾಕುವುದಿಲ್ಲ.

ಇದೇ ಮನೆಯಲ್ಲಿ ಮೊದಲು ಹೋದವರು ಸವಿತಾ ಆಗಿದ್ದರೆ? ಲೆಕ್ಕವೇ ಬೇರೆ. ಅವರ ಅರ್ಧ ಪಾಲು ರಮೇಶ್ ಮತ್ತು ಇಬ್ಬರು ಮಕ್ಕಳಿಗೆ ಮೂರು ಸಮಭಾಗವಾಗಿ ಹೋಗುತ್ತಿತ್ತು. ಸವಿತಾ ಅವರ ತಾಯಿ ಬದುಕಿದ್ದರೂ ಅವರಿಗೆ ಏನೂ ಇಲ್ಲ. ಗಂಡ, ಮಕ್ಕಳು ಇರುವ ತನಕ ಹೆಂಗಸಿನ ಆಸ್ತಿ ಅವಳ ಹೆತ್ತವರ ಕಡೆ ತಿರುಗುವುದಿಲ್ಲ. ಇದನ್ನು ಓದುವಾಗೆಲ್ಲ ನನಗೆ ಸಂಕಟವಾಗುತ್ತದೆ. ಮಗಳ ಫ್ಲ್ಯಾಟಿಗೆ ಊರಿನ ಸೈಟು ಮಾರಿ ದುಡ್ಡು ಕೊಟ್ಟ ತಂದೆತಾಯಿ ನಮ್ಮ ಬೆಂಗಳೂರಿನಲ್ಲಿ ಬೇಕಾದಷ್ಟು ಇದ್ದಾರೆ. ಅವರ ಬಗ್ಗೆ ಮಗಳಿಗೆ ಕಾಳಜಿ ಇದ್ದರೆ ಉಯಿಲಿನಲ್ಲಿ ಬರೆದಿಡುವುದೊಂದೇ ದಾರಿ.

ಮಕ್ಕಳಿಲ್ಲದ ಜೋಡಿಗಳಿಗೂ ಒಂದು ಮಾತು. ಗಂಡ ಹೋದರೆ, ಅವನ ಅರ್ಧ ಹೆಂಡತಿಗೂ ಅವನ ತಾಯಿಗೂ ಸಮವಾಗಿ ಹೋಗುತ್ತದೆ. ಅಂದರೆ ಫ್ಲ್ಯಾಟಿನ ಕಾಲು ಭಾಗ ಅತ್ತೆಯದು.

ಈಗ ಇನ್ನೊಂದು ಬದಿ ನೋಡೋಣ. ಕ್ರಯಪತ್ರದಲ್ಲಿ ‘ಬದುಕುಳಿದವರಿಗೇ ಪೂರ್ತಿ’ ಎನ್ನುವ ಸಾಲು, ಅಂದರೆ ಸರ್ವೈವರ್‌ಶಿಪ್ ಸಾಲು, ಸ್ಪಷ್ಟವಾಗಿ ಇತ್ತು ಅಂತಿಟ್ಟುಕೊಳ್ಳಿ. ಆಗ ರಮೇಶ್ ಉಸಿರು ನಿಂತ ಕ್ಷಣದಲ್ಲೇ 96 ಲಕ್ಷದ ಫ್ಲ್ಯಾಟ್ ಪೂರ್ತಿ ಸವಿತಾ ಅವರದು. ಹಂಚುವುದಕ್ಕೆ ರಮೇಶ್ ಅವರ ಪಾಲು ಅಂತ ಏನೂ ಉಳಿಯುವುದಿಲ್ಲ. ತಾಯಿಗೆ ಇಲ್ಲ, ಮಕ್ಕಳಿಗೂ ಇಲ್ಲ. ರಮೇಶ್ ‘ನನ್ನ ಅರ್ಧ ನನ್ನ ತಾಯಿಗೆ’ ಅಂತ ಉಯಿಲು ಬರೆದಿದ್ದರೂ ಫ್ಲ್ಯಾಟಿನ ಮಟ್ಟಿಗೆ ಅದು ನಡೆಯುವುದಿಲ್ಲ, ಯಾಕೆಂದರೆ ಉಯಿಲು ಜಾರಿಗೆ ಬರುವ ಹೊತ್ತಿಗೆ ಕೊಡಲು ಅವರ ಬಳಿ ಪಾಲೇ ಇರುವುದಿಲ್ಲ.

ಕೇಳಲು ಸುಲಭವಾಗಿದೆ, ಅಲ್ವಾ? ಆದರೆ ಮೂರು ಸಂಗತಿ ಯೋಚಿಸಬೇಕು. ಒಂದು, ಈ ಹಕ್ಕಿನಲ್ಲಿ ಪಾಲುಗಳು ಇರುವಂತಿಲ್ಲ. ಒಂದು ಪುಟದಲ್ಲಿ 60 ಮತ್ತು 40 ಎಂದು ಪಾಲು ಬರೆದು, ಇನ್ನೊಂದು ಪುಟದಲ್ಲಿ ಉಳಿದವರಿಗೆ ಎಲ್ಲ ಎಂದು ಬರೆದ ಪತ್ರ ತಾನೇ ತನ್ನ ಜೊತೆ ಜಗಳವಾಡುತ್ತದೆ. ನಾಳೆ ವಾರಸುದಾರರು ಹಿಡಿಯುವುದು ಆ ಗೊಂದಲವನ್ನೇ. ಎರಡು, ಇಬ್ಬರೂ ಇರುವಾಗ ಒಬ್ಬರು ತಮ್ಮ ಹಕ್ಕನ್ನು ಬೇರೆಯವರಿಗೆ ಬರೆದುಕೊಟ್ಟರೆ ಅಲ್ಲಿಗೆ ಜಂಟಿತನ ಮುರಿಯುತ್ತದೆ, ಸರ್ವೈವರ್‌ಶಿಪ್ ಕೂಡ ಹೋಗುತ್ತದೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಈ ಸಾಲು ಯಾರು ಮೊದಲು ಹೋಗುತ್ತಾರೆ ಎಂಬುದರ ಮೇಲೆ ನಿಂತಿದೆ. ಉಳಿದವರ ಕೈಗೆ ಹೋದ ಮೇಲೆ ಅದು ಅವರ ಇಷ್ಟ, ಅವರ ವಾರಸುದಾರರ ಪಾಲು. ಗಂಡನಿಗೆ ಮೊದಲ ಮದುವೆಯ ಮಗ ಇದ್ದು, ಎರಡನೇ ಹೆಂಡತಿ ಉಳಿದರೆ, ಆ ಹುಡುಗನಿಗೆ ಈ ಫ್ಲ್ಯಾಟಿನಲ್ಲಿ ಒಂದು ಅಡಿಯೂ ಸಿಗುವುದಿಲ್ಲ.

ಅದಕ್ಕೇ ನನ್ನ ಅಭಿಪ್ರಾಯ ಹೇಳುತ್ತೇನೆ. ಗಂಡ ಹೆಂಡತಿಗೆ ಸರ್ವೈವರ್‌ಶಿಪ್ ಸಾಲಿಗಿಂತ, ಪತ್ರದಲ್ಲಿ ಪಾಲು ಬರೆಸಿ, ಇಬ್ಬರೂ ಬೇರೆ ಬೇರೆ ಉಯಿಲು ಮಾಡುವುದು ಒಳ್ಳೆಯದು. ಉಯಿಲಿಗೆ ಮುದ್ರಾಂಕ ಶುಲ್ಕವಿಲ್ಲ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಬರೆದವರು ಸಹಿ ಹಾಕಬೇಕು, ಅದನ್ನು ನೋಡಿ ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ಆಸ್ತಿ ಪಡೆಯುವವರೇ ಸಾಕ್ಷಿ ಹಾಕಬಾರದು. ಉಯಿಲಿನಲ್ಲಿ ‘ನನ್ನ ಅರ್ಧ ಪಾಲು ನನ್ನ ಹೆಂಡತಿಗೆ, ಆಕೆ ನನಗಿಂತ ಮೊದಲೇ ತೀರಿಕೊಂಡಿದ್ದರೆ ಇಬ್ಬರು ಮಕ್ಕಳಿಗೆ ಸಮನಾಗಿ’ ಅಂತ ಬರೆಯಬಹುದು. ಅಮ್ಮನಿಗೆ ಜೀವ ಇರುವ ತನಕ ಆ ಮನೆಯಲ್ಲಿ ವಾಸದ ಹಕ್ಕು ಅಂತಲೂ ಸೇರಿಸಬಹುದು. ಮನಸ್ಸು ಬದಲಾದರೆ ಹೊಸದು ಬರೆಯಬಹುದು. ಇಷ್ಟು ಅವಕಾಶ ಸರ್ವೈವರ್‌ಶಿಪ್‌ನಲ್ಲಿ ಇಲ್ಲ. ಒಂದು ಎಚ್ಚರ: ಉಯಿಲಿನಲ್ಲಿ ‘ನನ್ನ ಫ್ಲ್ಯಾಟ್’ ಅಂತ ಇಡೀ ಫ್ಲ್ಯಾಟನ್ನು ಬರೆಯಬೇಡಿ. ಬರೆಯಲು ನಿಮಗಿರುವುದು ನಿಮ್ಮ ಪಾಲು ಮಾತ್ರ.

ಆಮೇಲಿನ ಓಡಾಟದ ಬಗ್ಗೆ ಸ್ವಲ್ಪ. ಮೊದಲು ಮರಣ ಪ್ರಮಾಣಪತ್ರ. ನಂತರ ನಾಡಕಚೇರಿಯಲ್ಲಿ ವಂಶವೃಕ್ಷ. ಅದರಲ್ಲಿ ತಾಯಿಯ ಹೆಸರು ಬಿಡಬೇಡಿ. ಬಿಟ್ಟು ಮಾಡಿಸಿದ್ದು ಮುಂದೆ ಸುಳ್ಳು ದಾಖಲೆ ಅಂತ ಎದುರು ನಿಲ್ಲುತ್ತದೆ. ಇವೆರಡರ ಜೊತೆ ಕ್ರಯಪತ್ರ, ಇಸಿ ಅನ್ನುವ ಋಣಭಾರ ಪ್ರಮಾಣಪತ್ರ, ತೆರಿಗೆ ರಸೀದಿ, ಇದ್ದರೆ ಉಯಿಲು ಅಥವಾ ಬಿಡುಗಡೆ ಪತ್ರ ಇಟ್ಟು ಪಾಲಿಕೆಯಲ್ಲಿ ಖಾತಾ ಬದಲಾವಣೆಗೆ ಅರ್ಜಿ. ಈಗ ಬೆಂಗಳೂರಿನಲ್ಲಿ ಇ-ಖಾತಾ ಇಲ್ಲದೆ ಮಾರಾಟದ ನೋಂದಣಿ ಆಗುವುದಿಲ್ಲ, ಹಾಗಾಗಿ ಇದನ್ನು ಮುಂದೂಡಬೇಡಿ. ಆದರೆ ಖಾತಾ ತೆರಿಗೆಗೆ ಸಂಬಂಧಪಟ್ಟದ್ದು, ಮಾಲೀಕತ್ವ ಕೊಡುವುದಿಲ್ಲ. ಸವಿತಾ ಒಬ್ಬರ ಹೆಸರಿಗೆ ಖಾತಾ ಆದರೂ ಸರೋಜಮ್ಮನವರ 12 ಲಕ್ಷದ ಪಾಲು ಎಲ್ಲೂ ಹೋಗಿರುವುದಿಲ್ಲ.

ಇನ್ನು ಕೆಲವು ಪ್ರಶ್ನೆಗಳು.

ಒಬ್ಬ ಹಿರಿಯರು ಕೇಳಿದರು: ‘ಅಸೋಸಿಯೇಷನ್‌ನಲ್ಲಿ ನಾಮಿನಿ ಅಂತ ಮಗಳ ಹೆಸರು ಕೊಟ್ಟಿದ್ದೀನಿ. ಸಾಕಲ್ವಾ ಸಾರ್?’ ಸಾಕಾಗುವುದಿಲ್ಲ. ನಾಮಿನಿ ಎಂದರೆ ಸದ್ಯಕ್ಕೆ ಯಾರ ಜೊತೆ ವ್ಯವಹರಿಸಬೇಕು ಎಂಬ ಗುರುತು. ವಿಮೆ ಹಣದ ವಿಷಯದಲ್ಲಿ 1984ರಲ್ಲಿ, ಷೇರುಗಳ ವಿಷಯದಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ನಾಮಿನಿ ಆದ ಮಾತ್ರಕ್ಕೆ ವಾರಸುದಾರರ ಹಕ್ಕು ಹೋಗುವುದಿಲ್ಲ.

‘ಗಂಡ ನನಗೆ ಜಿಪಿಎ ಮಾಡಿಕೊಟ್ಟಿದ್ದರು, ಅದರಲ್ಲಿ ಮಾರಬಹುದಾ?’ ಅಂತ ಒಬ್ಬ ತಾಯಿ ಕೇಳಿದರು. ಇಲ್ಲಮ್ಮ. ಅಂಥ ಅಧಿಕಾರ ಪತ್ರ ಕೊಟ್ಟವರು ಹೋದ ದಿನಕ್ಕೇ ಮುಗಿಯುತ್ತದೆ. ಅದನ್ನು ಬಳಸಿ ಯಾವ ಪತ್ರಕ್ಕೂ ಸಹಿ ಹಾಕಬೇಡಿ.

ಇನ್ನೊಬ್ಬರಿಗೆ ಯಾರೋ ‘ಕೋರ್ಟಿನಿಂದ ಸಕ್ಸೆಷನ್ ಸರ್ಟಿಫಿಕೇಟ್ ತನ್ನಿ’ ಅಂದಿದ್ದರಂತೆ. ಅದು ಬರಬೇಕಾದ ಸಾಲ, ಬ್ಯಾಂಕಿನ ಹಣ, ಷೇರು ಇಂಥವುಗಳಿಗೆ. ಫ್ಲ್ಯಾಟಿಗೆ ಅಲ್ಲ. ಉಯಿಲು ಇದ್ದರೂ ಬೆಂಗಳೂರಿನ ಫ್ಲ್ಯಾಟಿಗೆ ಪ್ರೊಬೇಟ್, ಅಂದರೆ ಉಯಿಲಿಗೆ ಕೋರ್ಟಿನ ದೃಢೀಕರಣ, ಕಡ್ಡಾಯವಿಲ್ಲ. ವಾರಸುದಾರರಲ್ಲಿ ಜಗಳ ಇದ್ದರೆ ಮಾತ್ರ ಸಿವಿಲ್ ಕೋರ್ಟಿನ ದಾರಿ.

ಕೊನೆಯ ಪ್ರಶ್ನೆ ಒಬ್ಬ ಯುವಕರದು. ಅಣ್ಣ ತಮ್ಮ ಸೇರಿ ಸಾಲ ಜಾಸ್ತಿ ಸಿಗಲಿ ಅಂತ ಜಂಟಿಯಾಗಿ ಫ್ಲ್ಯಾಟ್ ತಗೊಳ್ಳುತ್ತಿದ್ದಾರೆ, ಪತ್ರ ಬರೆಯುವವರು ಸರ್ವೈವರ್‌ಶಿಪ್ ಸಾಲು ಹಾಕೋಣ ಅಂದಿದ್ದಾರೆ, ಹಾಕಿಸಬೇಕಾ ಎಂದು. ನಾನು ಅವರನ್ನು ಕೇಳಿದೆ, ನಿಮ್ಮ ಅಣ್ಣನಿಗೆ ಮದುವೆ ಆಗಿದೆಯಾ ಅಂತ. ಆಗಿದೆ, ಒಂದು ಮಗು ಇದೆ ಎಂದರು. ಹಾಗಿದ್ದರೆ ಆ ಸಾಲು ಹಾಕಿಸಬೇಡಿ. ಅಣ್ಣ ಮೊದಲು ಹೋದರೆ ಫ್ಲ್ಯಾಟ್ ಪೂರ್ತಿ ನಿಮ್ಮದಾಗುತ್ತದೆ, ಅತ್ತಿಗೆ ಮತ್ತು ಮಗುವಿಗೆ ಮನೆಯಲ್ಲಿ ಹಕ್ಕು ಇರುವುದಿಲ್ಲ. ಪಾಲು ಎಷ್ಟೆಷ್ಟು ಎಂದು ಬರೆಸಿ, ಅವರವರ ಕಂತು ಅವರವರ ಬ್ಯಾಂಕ್ ಖಾತೆಯಿಂದಲೇ ಕಟ್ಟಿ, ಆ ಸ್ಟೇಟ್‌ಮೆಂಟುಗಳನ್ನು ಕ್ರಯಪತ್ರದ ಜೊತೆಗೇ ಇಟ್ಟುಕೊಳ್ಳಿ ಎಂದೆ. ಕರಡನ್ನು ಸಹಿ ಹಾಕುವ ಮೊದಲು ಅತ್ತಿಗೆಗೂ ಒಮ್ಮೆ ಓದಲು ಕೊಡಿ ಎಂದೂ ಹೇಳಿದೆ.